ಡಬ್ಬಿ ಬದಲಾಯಿಸಿದರೆ ಹುಳ ಹೋಗುತ್ತಾ? ಒಂದು ಶೆಲ್ಫಿನ ಫೋಟೊ ನೋಡಿ ಕೊಟ್ಟ ಉತ್ತರ

ಪ್ರಶ್ನೆ: ಮೇಡಂ, ನಮ್ಮ ಅಡುಗೆಮನೆ ಶೆಲ್ಫಿನ ಫೋಟೊ ಕಳಿಸಿದ್ದೇನೆ. ಬೆಂಗಳೂರಲ್ಲಿ ಬಾಡಿಗೆ ಮನೆ, ನಾಲ್ಕು ಜನ ಇದ್ದೇವೆ. ಅಕ್ಕಿ, ರಾಗಿ, ಹುರುಳಿ ಊರಿಂದ ಬರುತ್ತೆ. ಈಗ ಸಂಜೆಯಾದ್ರೆ ಬೂದು ಬಣ್ಣದ ಸಣ್ಣ ಚಿಟ್ಟೆಗಳು ಹಾರಾಡ್ತವೆ, ಅಕ್ಕೀಲಿ ಕಪ್ಪು ಹುಳ, ಧನಿಯಾ ಬಾಟಲಲ್ಲಿ ತಳದಲ್ಲಿ ಪುಡಿ. ಬೇವಿನ ಸೊಪ್ಪು, ಲವಂಗ ಎಲ್ಲಾ ಹಾಕಿ ಆಯ್ತು. ಒಂದೇ ಥರದ ಹೊಸ ಡಬ್ಬಿ ತಗೊಂಡು ಎಲ್ಲಾ ಜೋಡಿಸಿದ್ರೆ ಸರಿ ಹೋಗುತ್ತಾ? ಹುಳ ಬಿದ್ದ ಅಕ್ಕಿ ತಿನ್ನಬಹುದಾ?

ಉತ್ತರ: ಡಬ್ಬಿ ಈಗಲೇ ಕೊಳ್ಳಬೇಡಿ. ಹೊಸ ಡಬ್ಬಿಗೆ ಹಳೇ ಅಕ್ಕಿ ಸುರಿದರೆ ಹುಳಕ್ಕೆ ಹೊಸ ಮನೆ ಕೊಟ್ಟಂತೆ, ಅಷ್ಟೇ.

ನಿಮ್ಮ ಫೋಟೊವನ್ನು ದೊಡ್ಡದು ಮಾಡಿ ನೋಡಿದೆ. ಮೇಲಿನ ಹಲಗೆಯ ಬಲ ಮೂಲೆಯಲ್ಲಿ, ಗೋಡೆ ಸೇರುವ ಕಡೆ, ಬಿಳಿ ನೂಲಿನ ಹಾಗೆ ಏನೋ ಅಂಟಿಕೊಂಡಿದೆ ನೋಡಿ. ನೀವು ಜೇಡರ ಬಲೆ ಅಂದುಕೊಂಡು ಬಿಟ್ಟಿರಬಹುದು. ಅದು ಆ ಚಿಟ್ಟೆಯ ಮರಿಹುಳು ಕಟ್ಟಿದ ಗೂಡು. ಈ ಹುಳು ತಿನ್ನುವುದು ಒಂದು ಕಡೆ, ತಿಂದು ಬೆಳೆದ ಮೇಲೆ ಡಬ್ಬಿಯಿಂದ ಹೊರಗೆ ಬಂದು, ಗೋಡೆ ಹತ್ತಿ, ಮೂಲೆಯಲ್ಲೋ ಮುಚ್ಚಳದ ತಿರುಪಿನ ಸಂದಿಯಲ್ಲೋ ಶೆಲ್ಫಿಗೆ ಹಾಸಿದ ಪೇಪರಿನ ಅಡಿಯಲ್ಲೋ ಗೂಡು ಕಟ್ಟಿಕೊಳ್ಳುವುದು ಇನ್ನೊಂದು ಕಡೆ. ಹಾಗಾಗಿ ಚಿಟ್ಟೆ ಹಾರುವ ಜಾಗದಲ್ಲಿ ಹುಡುಕಿದರೆ ಏನೂ ಸಿಗಲ್ಲ. ಹಾರುವ ಚಿಟ್ಟೆಗಳು ನಿಮ್ಮ ದಿನಸಿಯನ್ನು ತಿನ್ನುವುದೂ ಇಲ್ಲ, ಮೊಟ್ಟೆ ಇಟ್ಟು ಸಾಯುತ್ತವೆ. ಅವನ್ನು ಹೊಡೆಯುತ್ತಾ ಕೂತರೆ ಪ್ರಯೋಜನ ಕಡಿಮೆ. ಮೂಲ ಹುಡುಕಬೇಕು.

ಮೂಲ ಎಲ್ಲಿ ಅಂತ ಫೋಟೊ ನೋಡಿಯೇ ಊಹಿಸಬಹುದು. ಎರಡನೇ ಹಲಗೆಯಲ್ಲಿ, ಡಬ್ಬಿಗಳ ಸಾಲಿನ ಹಿಂದೆ, ರಬ್ಬರ್ ಬ್ಯಾಂಡ್ ಹಾಕಿದ ಪ್ಲಾಸ್ಟಿಕ್ ಕವರುಗಳ ಗುಡ್ಡೆ ಇದೆ. ಮುಂದೆ ನೀಟಾಗಿ ಕಾಣುವ ಡಬ್ಬಿಗಳು, ಹಿಂದೆ ಅರ್ಧ ಮುಗಿದ ರವೆ, ಶೇಂಗಾ, ಯಾವಾಗಲೋ ತಂದ ಓಟ್ಸ್, ಇನ್ನೇನೋ ಹಿಟ್ಟು. ಬಹುತೇಕ ಮನೆಗಳಲ್ಲಿ ಚಿಟ್ಟೆ ಹುಟ್ಟುವುದು ಇಲ್ಲೇ, ಅಂದರೆ ಮರೆತುಹೋದ ಕವರಿನಲ್ಲಿ. ಆ ಮರಿಹುಳುಗಳಿಗೆ ತೆಳು ಪ್ಲಾಸ್ಟಿಕ್ಕು ಲೆಕ್ಕಕ್ಕಿಲ್ಲ, ಕೊರೆದು ಆಚೆ ಬರುತ್ತವೆ. ಕವರು ತೆಗೆದು ಬೆಳಕಿಗೆ ಹಿಡಿಯಿರಿ. ರವೆಯೋ ಹಿಟ್ಟೋ ಎಳೆ ಎಳೆಯಾಗಿ ಗಂಟು ಕಟ್ಟಿಕೊಂಡು ಕವರಿನ ಒಳಗೋಡೆಗೆ ಜೋತಾಡುತ್ತಿದ್ದರೆ ಅದೇ. ಅದನ್ನು ಜರಡಿ ಹಿಡಿದು ಉಳಿಸಿಕೊಳ್ಳಲು ಹೋಗಬೇಡಿ. ಇನ್ನೊಂದು ಕವರಿನೊಳಗೆ ಹಾಕಿ ಬಿಗಿಯಾಗಿ ಕಟ್ಟಿ, ಅವತ್ತೇ ಮನೆಯಿಂದ ಹೊರಗೆ ಹಾಕಿ. ಅಡುಗೆಮನೆಯ ಕಸದ ಬುಟ್ಟಿಗೆ ಹಾಕಿದರೆ ಅಲ್ಲೇ ಬೆಳೆಯುತ್ತವೆ.

ಈಗ ಒಂದು ವಿಷಯ ಗಮನಿಸಿ. ನಿಮ್ಮ ಮನೆಯಲ್ಲಿರುವುದು ಒಂದು ಹುಳ ಅಲ್ಲ. ಕನಿಷ್ಠ ಮೂರು ಬೇರೆ ಬೇರೆ ಹುಳಗಳಿವೆ, ಮೂರರ ದಾರಿಯೂ ಬೇರೆ. ಚಿಟ್ಟೆಯದು ಹೇಳಿದೆ. ಧನಿಯಾ ಬಾಟಲಿನದು ಎರಡು ಮೂರು ಮಿಲಿಮೀಟರಿನ ಕಂದು, ಗುಂಡನೆಯ ಹುಳ. ಇದು ಮಸಾಲೆ ಸಾಮಾನಿನ ಹುಳ. ಧನಿಯಾ, ಒಣಮೆಣಸಿನಕಾಯಿ, ಅರಿಶಿನದ ಕೊಂಬು, ಇವುಗಳಲ್ಲಿ ಸೂಜಿಯಲ್ಲಿ ಚುಚ್ಚಿದಂಥ ತೂತು ಮಾಡುತ್ತದೆ. ಖಾರಕ್ಕೆ ಹುಳ ಬರಲ್ಲ ಅನ್ನುವ ಮಾತು ಸುಳ್ಳು. ತಳದಲ್ಲಿ ಪುಡಿ ಬಿದ್ದಿದೆ ಅಂದರೆ ಒಳಗೆ ತಿನ್ನುವ ಕೆಲಸ ಸಾಕಷ್ಟು ನಡೆದಿದೆ ಅಂತ ಅರ್ಥ. ಆ ಧನಿಯಾ ಎಸೆಯಿರಿ, ನೂರಿನ್ನೂರು ಗ್ರಾಂ ಇರುತ್ತೆ, ಅದಕ್ಕೆ ಒದ್ದಾಡುವುದು ಬೇಡ. ಪಕ್ಕದಲ್ಲಿರುವ ಮೆಣಸಿನಕಾಯಿಯನ್ನು ಮಾತ್ರ ಬಿಳಿ ಪೇಪರಿನ ಮೇಲೆ ಕೊಡವಿ ನೋಡಿ. ಏನೂ ಉದುರದಿದ್ದರೆ ಅದನ್ನೂ ಫ್ರೀಜರಿಗೆ ಹಾಕಬಹುದು. ಹೇಗೆ ಅಂತ ಮುಂದೆ ಹೇಳುತ್ತೇನೆ.

ಅಕ್ಕಿಯದು ಸ್ವಲ್ಪ ವಿವರವಾಗಿ ಹೇಳಬೇಕು. ನಿಮ್ಮ ನಿಜವಾದ ತಲೆನೋವು ಇರುವುದು ಆ ಮೂಟೆಯಲ್ಲಿ.

ಒಂದು ಹುಳವನ್ನು ಹಿಡಿದು ಹತ್ತಿರದಿಂದ ನೋಡಿ, ಮುಂದೆ ಉದ್ದನೆಯ ಮೂತಿ ಇರುತ್ತದೆ. ಮುಟ್ಟಿದರೆ ಕಾಲು ಮಡಚಿ ಸತ್ತ ಹಾಗೆ ಬೀಳುತ್ತದೆ. ಹೆಣ್ಣು ಹುಳ ಆ ಮೂತಿಯಿಂದ ಅಕ್ಕಿಕಾಳನ್ನು ಕೊರೆದು, ಒಳಗೆ ಒಂದು ಮೊಟ್ಟೆ ಇಟ್ಟು, ತೂತನ್ನು ಅಂಟಿನಂಥ ದ್ರವದಿಂದ ಮುಚ್ಚಿಬಿಡುತ್ತದೆ. ಮೊಟ್ಟೆ ಒಡೆದ ಮರಿ ಕಾಳಿನೊಳಗೇ ಇದ್ದು, ಒಳಗಿಂದಲೇ ತಿಂದು, ಅಲ್ಲೇ ಬೆಳೆದು ಪೂರ್ತಿ ಹುಳವಾಗಿ ಹೊರಗೆ ಬರುತ್ತದೆ. ನಮ್ಮ ಹವೆಯಲ್ಲಿ ಇದಕ್ಕೆ ಸುಮಾರು ಒಂದು ತಿಂಗಳು ಸಾಕು. ಅಂದರೆ ನೀವು ಮೊರದಲ್ಲಿ ಕೇರಿ, ಆರಿಸಿ, ಒಂದು ಹುಳವೂ ಇಲ್ಲ ಅಂತ ಡಬ್ಬಿಗೆ ತುಂಬಿದ ಅಕ್ಕಿಯಲ್ಲಿ ಮುಂದಿನ ತಿಂಗಳು ಮತ್ತೆ ಹುಳ ಕಂಡರೆ ಅವು ಹೊರಗಿಂದ ಬಂದವಲ್ಲ. ಒಳಗೇ ಇದ್ದವು. ಬೇವು, ಲವಂಗ ಕೆಲಸ ಮಾಡಲಿಲ್ಲ ಅಂದಿರಲ್ಲ, ಕಾರಣ ಇದೇ. ವಾಸನೆ ಹೊರಗೆ ಓಡಾಡುವ ಹುಳಕ್ಕೆ ಸ್ವಲ್ಪ ಮಟ್ಟಿಗೆ ಕಿರಿಕಿರಿ ಮಾಡಬಹುದು, ಮುಚ್ಚಿದ ಕಾಳಿನೊಳಗೆ ಕೂತ ಮರಿಗೆ ಅದು ಏನೂ ಮಾಡಲ್ಲ. ಹಸಿ ಬೇವಿನ ಸೊಪ್ಪು ಹಾಕಿದ್ದರಂತೂ ಇನ್ನೂ ಕೆಟ್ಟದ್ದು. ಅದರ ತೇವ ಅಕ್ಕಿಗೆ ಇಳಿದು ಮುಗ್ಗಲು ವಾಸನೆ ಬರುತ್ತದೆ. ಹಾಕಲೇಬೇಕು ಅನಿಸಿದರೆ ನೆರಳಲ್ಲಿ ಗರಿಗರಿಯಾಗಿ ಒಣಗಿಸಿದ್ದನ್ನೇ ಹಾಕಿ, ಅದರ ಮೇಲೇ ನಂಬಿಕೆ ಇಡಬೇಡಿ.

ಈಗ ಲೆಕ್ಕ ಹಾಕೋಣ. ನಾಲ್ಕು ಜನ, ಜೊತೆಗೆ ಮುದ್ದೆ, ಚಪಾತಿಯೂ ಇದೆ ಅಂದುಕೊಂಡರೆ ದಿನಕ್ಕೆ ಅರ್ಧ ಕೆಜಿ ಅಕ್ಕಿ. 25 ಕೆಜಿ ಮೂಟೆ 50 ದಿನ ಬರುತ್ತದೆ. ಹುಳದ ಒಂದು ತಲೆಮಾರಿಗೆ ಒಂದು ತಿಂಗಳು ಬೇಕು. ಹಾಗಾದರೆ ಮೂಟೆಯ ಮೊದಲರ್ಧ ಚೆನ್ನಾಗಿಯೇ ಇರುತ್ತದೆ, ಎರಡನೇ ಅರ್ಧಕ್ಕೆ ಬಂದಾಗ ಹುಳ ಕಾಣಿಸಿಕೊಳ್ಳುತ್ತದೆ. ನಿಮ್ಮಲ್ಲೂ ಹಾಗೇ ಆಗಿರಬೇಕು, ಅಲ್ವಾ? ಮೂಟೆಯ ಬಾಯಿ 50 ದಿನವೂ ತೆರೆದೇ ಇರುತ್ತದೆ, ದಿನಾ ಪಾವು ಹಾಕಿ ತೆಗೆಯುತ್ತೀರಿ, ಗಾಳಿ ಧಾರಾಳ. ಫೋಟೊದಲ್ಲಿ ಆ ಮೂಟೆ ಸಿಂಕಿನ ಪಕ್ಕದ ಗೋಡೆಗೆ ಒರಗಿ, ನೆಲದ ಮೇಲೇ ಕೂತಿದೆ. ನೆಲ ಮತ್ತು ಗೋಡೆಯ ತಣ್ಣನೆ ತೇವ ಚೀಲದ ಅಡಿಗೆ ಏರುತ್ತದೆ. ತೇವ ಜಾಸ್ತಿಯಾದಷ್ಟೂ ಹುಳಕ್ಕೆ ಕಾಳು ಮೆತ್ತಗೆ, ಬೆಳವಣಿಗೆ ಬೇಗ.

ಪರಿಹಾರ ಏನೆಂದರೆ, ಮೂಟೆ ಬಂದ ದಿನವೇ ಅದನ್ನು ಒಡೆದು ಹಂಚಿಬಿಡಿ. 5 ಲೀಟರಿನ ಕುಡಿಯುವ ನೀರಿನ ಕ್ಯಾನ್ ಇರುತ್ತಲ್ಲ, ಅದರಲ್ಲಿ ಸುಮಾರು 4 ಕೆಜಿ ಅಕ್ಕಿ ಹಿಡಿಸುತ್ತದೆ. ತೊಳೆದು, ಬಾಯಿ ಕೆಳಗೆ ಮಾಡಿ, ಒಂದು ಹನಿ ನೀರೂ ಇಲ್ಲದ ಹಾಗೆ ಒಣಗಿಸಬೇಕು, ಎರಡು ದಿನ ಹಿಡಿದರೂ ಪರವಾಗಿಲ್ಲ. ಆರು ಕ್ಯಾನ್ ಆದರೆ ಮೂಟೆ ಹೆಚ್ಚುಕಡಿಮೆ ಮುಗಿಯಿತು, ಉಳಿದ ಸ್ವಲ್ಪ ದಿನಬಳಕೆಯ ಡಬ್ಬಿಗೆ. ತುಂಬುವಾಗ ಕ್ಯಾನನ್ನು ನೆಲಕ್ಕೆ ಕುಟ್ಟಿ ಕುಟ್ಟಿ, ಬಾಯಿವರೆಗೂ ತುಂಬಿ, ಮುಚ್ಚಳ ಬಿಗಿ ಮಾಡಿ. ತುಂಬಾ ಮುಖ್ಯವಾದದ್ದು ಈ 'ಬಾಯಿವರೆಗೂ'. ಒಳಗೆ ಗಾಳಿ ಕಡಿಮೆ ಇದ್ದರೆ, ಕಾಳಿನೊಳಗಿನ ಹುಳಗಳು ಉಸಿರಾಡಿ ಆ ಇದ್ದ ಆಮ್ಲಜನಕವನ್ನು ಮುಗಿಸುತ್ತವೆ, ಆಮೇಲೆ ಬೆಳೆಯಲಾಗದೆ ಸಾಯುತ್ತವೆ. ಅರ್ಧ ತುಂಬಿದ ಡಬ್ಬಿಯಲ್ಲಿ ಈ ಕೆಲಸ ಆಗಲ್ಲ, ದಿನಾ ತೆಗೆಯುವ ಡಬ್ಬಿಯಲ್ಲೂ ಆಗಲ್ಲ. ಹಳೇ ಮೈಸೂರು ಕಡೆಯ ಹಗೇವು ನಡೆಯುತ್ತಿದ್ದದ್ದೂ ಇದೇ ಲೆಕ್ಕದಲ್ಲಿ. ನೆಲದೊಳಗಿನ ಕಣಜಕ್ಕೆ ರಾಗಿ ತುಂಬಿ ಬಾಯಿ ಮುಚ್ಚಿದರೆ ವರ್ಷಗಟ್ಟಲೆ ಇರುತ್ತಿತ್ತು, ತೆಗೆದ ತಕ್ಷಣ ಯಾರೂ ಅದರೊಳಗೆ ಇಳಿಯುತ್ತಿರಲಿಲ್ಲ, ಉಸಿರು ಕಟ್ಟುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ನಿಮ್ಮ ಸ್ಟೀಲ್ ಡಬ್ಬಿಗಳು ನೋಡಲು ಗಟ್ಟಿ, ಆದರೆ ಗಾಳಿ ತಡೆಯುವುದು ಅನುಮಾನ. ಪರೀಕ್ಷೆ ಸುಲಭ. ಡಬ್ಬಿಗೆ ಸ್ವಲ್ಪ ನೀರು ಹಾಕಿ, ಮುಚ್ಚಳ ಮುಚ್ಚಿ, ಸಿಂಕಿನ ಮೇಲೆ ತಲೆಕೆಳಗು ಹಿಡಿಯಿರಿ. ನೀರು ಸೋರಿದರೆ ಅದರೊಳಗೆ ಗಾಳಿಯೂ ಹೋಗುತ್ತದೆ. ಎಸೆಯಬೇಕಾಗಿಲ್ಲ. ಸಕ್ಕರೆ, ಉಪ್ಪು, ಬೇಗ ಖಾಲಿಯಾಗುವ ಸಾಮಾನಿಗೆ ಇಟ್ಟುಕೊಳ್ಳಿ. ಹೊಸ ಡಬ್ಬಿ ಬೇಕೇ ಬೇಕು ಅಂದರೆ, ರಬ್ಬರ್ ಸುತ್ತು ಇರುವ, ಈ ನೀರಿನ ಪರೀಕ್ಷೆ ಗೆದ್ದ ನಾಲ್ಕೈದು ಡಬ್ಬಿ ಮಾತ್ರ ತೆಗೆದುಕೊಳ್ಳಿ, ಹಿಟ್ಟು, ರವೆ, ಶೇಂಗಾ, ಒಣಹಣ್ಣಿಗೆ ಅಂತ.

ಹಿಟ್ಟು, ರವೆಯ ವಿಷಯಕ್ಕೆ ಫ್ರೀಜರ್ ಒಳ್ಳೆಯದು. ಅಂಗಡಿಯಿಂದ ತಂದ ಪ್ಯಾಕೆಟ್ಟನ್ನು ಒಡೆಯದೆ, ಇನ್ನೊಂದು ಕವರಿನಲ್ಲಿ ಕಟ್ಟಿ, ಒಂದು ವಾರ ಫ್ರೀಜರಿನಲ್ಲಿಡಿ. ಫ್ರೀಜರ್ ಮೈನಸ್ 18 ಡಿಗ್ರಿ ಇದ್ದರೆ ನಾಲ್ಕು ದಿನದಲ್ಲಿ ಮೊಟ್ಟೆ ಸಮೇತ ಸಾಯುತ್ತವೆ, ಆದರೆ ಮನೆಯ ಫ್ರಿಡ್ಜನ್ನು ನಾವು ಪದೇ ಪದೇ ತೆಗೆಯುತ್ತೇವೆ, ತುಂಬಿದ ಪ್ಯಾಕೆಟ್ಟಿನ ನಡುಭಾಗಕ್ಕೆ ತಣ್ಣಗಾಗುವುದೂ ನಿಧಾನ, ಹಾಗಾಗಿ ಒಂದು ವಾರ. ನಿಮ್ಮದು ಹಳೇ ಒಂದೇ ಬಾಗಿಲಿನ ಫ್ರಿಡ್ಜಾಗಿ, ಐಸ್‌ಕ್ರೀಮ್ ಇಟ್ಟರೂ ಗಟ್ಟಿಯಾಗಿ ನಿಲ್ಲದಿದ್ದರೆ ಎರಡು ವಾರ ಬಿಡಿ. ಹೊರಗೆ ತೆಗೆದ ಮೇಲೆ ತಕ್ಷಣ ಒಡೆಯಬೇಡಿ. ರಾತ್ರಿಯಿಡೀ ಹೊರಗಿದ್ದು ಮನೆಯ ಬಿಸಿಗೆ ಬಂದ ಮೇಲೆ, ಕವರಿನ ಮೇಲಿನ ಬೆವರು ಒಣಗಿದ ಮೇಲೆ ಡಬ್ಬಿಗೆ ಹಾಕಿ. ಇಲ್ಲದಿದ್ದರೆ ಆ ನೀರೆಲ್ಲ ಹಿಟ್ಟಿನೊಳಗೆ. ಫ್ರೀಜರಲ್ಲಿ ಜಾಗ ಇಲ್ಲ ಅನ್ನುವವರು ರವೆಯನ್ನು ಬಾಂಡ್ಲಿಯಲ್ಲಿ ಹದವಾಗಿ ಹುರಿದು, ಪೂರ್ತಿ ಆರಿಸಿ ತುಂಬಬಹುದು. ನಮ್ಮ ಅಮ್ಮಂದಿರು ಮಾಡುತ್ತಿದ್ದದ್ದು ಸುಮ್ನೆ ಉಪ್ಪಿಟ್ಟು ಬೇಗ ಆಗಲಿ ಅಂತಷ್ಟೇ ಅಲ್ಲ.

ಹಿಟ್ಟಿನಲ್ಲಿ ಕೆಂಪು ಕಂದಿನ ಸಣ್ಣ ಹುಳ ಕಂಡು, ಹಿಟ್ಟಿನ ಬಣ್ಣ ಸ್ವಲ್ಪ ಗುಲಾಬಿಗೆ ತಿರುಗಿ, ಮೂಗಿಗೆ ಹೊಡೆಯುವ ವಾಸನೆ ಬರುತ್ತಿದ್ದರೆ ಜರಡಿ ಹಿಡಿಯಬೇಡಿ. ಆ ಹುಳ ಬಿಡುವ ರಾಸಾಯನಿಕ ಹಿಟ್ಟಿಗೆ ಸೇರಿರುತ್ತದೆ, ಜರಡಿಯಲ್ಲಿ ಅದು ಹೋಗಲ್ಲ. ಚೆಲ್ಲಿ.

ಹುರುಳಿಯ ಕಥೆ ಬೇರೆ. ಹುರುಳಿ, ಅಲಸಂದೆ, ಹೆಸರುಕಾಳಿಗೆ ಬರುವ ಹುಳ ಹೊಲದಲ್ಲೇ ಕಾಯಿಯ ಮೇಲೆ ಮೊಟ್ಟೆ ಇಟ್ಟಿರುತ್ತದೆ, ಹಾಗಾಗಿ ಊರಿಂದ ಬಂದ ಕಾಳಿಗೆ ಇದರ ಭಯ ಜಾಸ್ತಿ. ಒಂದು ಹಿಡಿ ಕಾಳನ್ನು ಬೆಳಕಲ್ಲಿ ನೋಡಿ. ಕಾಳಿನ ಮೇಲೆ ಅಂಟಿಕೊಂಡ ಬಿಳಿ ಚುಕ್ಕಿಗಳಿದ್ದರೆ ಅವು ಮೊಟ್ಟೆ. ದುಂಡಗೆ ಕೊರೆದ ತೂತಿದ್ದರೆ ಹುಳ ಆಗಲೇ ಹೊರಟುಹೋಗಿದೆ. ಬರೀ ಚುಕ್ಕಿ ಇರುವ ಹಂತದಲ್ಲಿದ್ದರೆ ಬಿಸಿಲು ಕೆಲಸ ಮಾಡುತ್ತದೆ, ಆದರೆ ಸುಮ್ನೆ ಚಾಪೆ ಮೇಲೆ ಹರಡುವುದು ಸಾಲದು. ಅದರಲ್ಲಿ ಓಡಾಡುವ ಹುಳ ಓಡಿಹೋಗುತ್ತದೆ, ಒಳಗಿನದು ಉಳಿಯುತ್ತದೆ. ತಾರಸಿಯ ಮೇಲೆ ಚಾಪೆ ಅಥವಾ ಗೋಣಿ ಹಾಸಿ, ಅದರ ಮೇಲೆ ಕಪ್ಪು ಪ್ಲಾಸ್ಟಿಕ್ ಶೀಟು, ಅದರ ಮೇಲೆ ಕಾಳನ್ನು ಒಂದು ಬೆರಳಿನ ದಪ್ಪಕ್ಕಿಂತ ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಶೀಟು ಹೊದಿಸಿ ಅಂಚಿಗೆಲ್ಲ ಕಲ್ಲಿಡಿ. ಬಿರುಬಿಸಿಲಿನ ದಿನ ಒಳಗೆ 60 ಡಿಗ್ರಿ ದಾಟುತ್ತದೆ, ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನ ಮೂರರವರೆಗೆ ಬಿಟ್ಟರೆ ಕಾಳಿನೊಳಗಿನ ಮರಿಯೂ ಸಾಯುತ್ತದೆ. ಮೋಡದ ದಿನ ಇದು ಆಗದು, ಆಗ ಫ್ರೀಜರೇ ಗತಿ. ಬಿತ್ತನೆಗೆ ಅಂತ ಇಟ್ಟ ಕಾಳಿಗೆ ಇದನ್ನು ಮಾಡಬೇಡಿ, ಮೊಳಕೆ ಹೋಗಬಹುದು. ಅಕ್ಕಿಗೂ ಬೇಡ, ಬಿಸಿಲಿಗೆ ಅಕ್ಕಿ ಬಿರುಕು ಬಿಟ್ಟು ಬೇಯಿಸುವಾಗ ನುಚ್ಚಾಗುತ್ತದೆ.

ಬಿಸಿಲಿಂದ ತಂದ ಕಾಳು ಪೂರ್ತಿ ಆರಿದ ಮೇಲೆ ಒಂದು ಕೆಜಿಗೆ ಒಂದು ಟೀ ಚಮಚ ಹರಳೆಣ್ಣೆ ಹಾಕಿ, ಅಂಗೈಯಲ್ಲಿ ಚೆನ್ನಾಗಿ ಉಜ್ಜಿ ತುಂಬಿಡಿ. ಎಣ್ಣೆ ಸವರಿದ ಕಾಳಿನ ಮೇಲೆ ಇಟ್ಟ ಮೊಟ್ಟೆ ಉಸಿರಾಡದೆ ಸಾಯುತ್ತದೆ. ಇದು ಬೇವಿನಂತಲ್ಲ, ನಿಜವಾಗಿ ಕೆಲಸ ಮಾಡುವ ಮನೆಮದ್ದು. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರೆ ಸಾಕು. ಇನ್ನು ರಾಗಿಯ ಚಿಂತೆ ಬಿಡಿ, ಕಾಳು ಅಷ್ಟು ಸಣ್ಣದಿರುವುದರಿಂದ ಹುಳಕ್ಕೆ ಒಳಗೆ ಬೆಳೆಯಲು ಜಾಗವೇ ಇಲ್ಲ. ಒಣಗಿದ್ದರೆ ವರ್ಷಗಟ್ಟಲೆ ಇರುತ್ತದೆ. ಹಿಟ್ಟು ಮಾಡಿಸಿದ ಮೇಲೆ ಮಾತ್ರ ಆ ರಕ್ಷಣೆ ಹೋಯಿತು, ಹಾಗಾಗಿ ಒಂದು ತಿಂಗಳಿಗೆ ಬೇಕಾದಷ್ಟೇ ಬೀಸಿಸಿ.

ಒಂದು ಎಚ್ಚರಿಕೆ ಕೊಡಲೇಬೇಕು. ಅಕ್ಕಿಗೆ ಬೋರಿಕ್ ಪೌಡರ್ ಬೆರೆಸುವುದು, ಪಾದರಸದ ಗುಳಿಗೆ ಕಟ್ಟಿಡುವುದು, ನುಸಿಗುಳಿಗೆ ಇಡುವುದು ಇವೆಲ್ಲ ಯಾರಾದರೂ ಹೇಳಿಯೇ ಹೇಳುತ್ತಾರೆ. ತಿನ್ನುವ ಸಾಮಾನಿಗೆ ಯಾವುದೂ ಬೇಡ. ಗೋದಾಮಿನಲ್ಲಿ ಬಳಸುವ ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯನ್ನಂತೂ ಮನೆಯೊಳಗೆ ತರಲೇಬೇಡಿ. ಅದರಿಂದ ಹೊರಡುವ ಗಾಳಿ ಮಲಗಿದ್ದವರನ್ನು ಕೊಲ್ಲುತ್ತದೆ. ಶೆಲ್ಫಿಗೆ ಹುಳದ ಸ್ಪ್ರೇ ಹೊಡೆಯುವುದೂ ಬೇಡ.

ಜೋಡಿಸುವ ಕೆಲಸಕ್ಕೆ ಒಂದು ರಜಾದಿನ ಇಟ್ಟುಕೊಳ್ಳಿ. ಎಲ್ಲಾ ಇಳಿಸಿ, ಹಾಸಿದ ಪೇಪರ್ ಕಿತ್ತು ಎಸೆಯಿರಿ, ಮತ್ತೆ ಹಾಸಬೇಡಿ. ವ್ಯಾಕ್ಯೂಮ್ ಇದ್ದರೆ ಮೂಲೆ, ಹಲಗೆಯ ಸಂದಿ, ಗೋಡೆಯ ಬಿರುಕು ಎಲ್ಲಾ ಎಳೆಯಿರಿ, ಇಲ್ಲದಿದ್ದರೆ ಹಳೇ ಹಲ್ಲುಜ್ಜುವ ಬ್ರಷ್ ಸಾಕು. ಹಲಗೆ ಮೇಲೆತ್ತಿಡಲು ಬದಿಗಳಲ್ಲಿ ಸಾಲಾಗಿ ತೂತುಗಳಿರುತ್ತಲ್ಲ, ಅದರೊಳಗೂ ಗೂಡು ಇರುತ್ತದೆ, ಸೂಜಿಯಿಂದ ಕೆದಕಿ, ಬೇಡದ ತೂತನ್ನು ಮೇಣದಿಂದ ಮುಚ್ಚಿ. ಮುಚ್ಚಳಗಳ ತಿರುಪಿನ ಒಳಗೂ ನೋಡಿ. ಆಮೇಲೆ ಸೋಪಿನ ಬಿಸಿನೀರಲ್ಲಿ ಒರೆಸಿ, ಒಂದು ರಾತ್ರಿ ಬಾಗಿಲು ತೆರೆದಿಟ್ಟು ಒಣಗಿಸಿ.

ವಾಪಸ್ ಇಡುವಾಗ ಡಬ್ಬಿಯ ಎತ್ತರ, ಬಣ್ಣ ನೋಡಿ ಇಡಬೇಡಿ, ಹುಳ ಎಷ್ಟು ಬೇಗ ಬರುತ್ತದೆ ಅನ್ನುವುದನ್ನು ನೋಡಿ ಇಡಿ. ಹಿಟ್ಟು, ರವೆ, ಅವಲಕ್ಕಿ, ಶೇಂಗಾ, ಹುರಿಗಡಲೆ, ಒಣದ್ರಾಕ್ಷಿ ಇವು ನಿಮ್ಮ ಕಣ್ಣಿನ ಮಟ್ಟದ ಹಲಗೆಯಲ್ಲಿ, ಒಂದೇ ಸಾಲಿನಲ್ಲಿ ಇರಲಿ. ಹಿಂದೆ ಇನ್ನೊಂದು ಸಾಲು ಬೇಡ, ಮರೆತುಹೋಗುವುದು ಅಲ್ಲೇ. ಕೈಗೆ ಸಿಗದ ಮೇಲಿನ ಹಲಗೆಗೆ ಹುಳ ಹತ್ತದ ಉಪ್ಪು, ಬೆಲ್ಲದ ಪಾತ್ರೆ, ಪೂಜೆಯ ಪಾತ್ರೆ. ಬೆಲ್ಲಕ್ಕೆ ಇರುವೆಯ ಕಾಟ ಬೇರೆ, ಅದಕ್ಕೆ ಬಿಗಿ ಮುಚ್ಚಳ ಬೇಕು. ಅಕ್ಕಿಯ ಕ್ಯಾನುಗಳು ಕೆಳಗೆ, ಆದರೆ ನೆಲದಿಂದ ನಾಲ್ಕು ಇಂಚು ಮೇಲೆ ಒಂದು ಮಣೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ, ಸಿಂಕಿನ ಆಚೆ ಬದಿ.

ಮಸಾಲೆ ಬಾಟಲುಗಳನ್ನು ಒಲೆಯ ಮೇಲಿನ ಗೂಡಿನಿಂದ ಇಳಿಸಿ. ಕುಕ್ಕರಿನ ಹಬೆ ನೇರ ಅಲ್ಲಿಗೇ ಏರುತ್ತದೆ, ತೆರೆದ ಬಾಟಲೊಳಗೆ ಹೋದ ಬಿಸಿ ತೇವ ಮಸಾಲೆ ಗಂಟು ಕಟ್ಟಲು, ಹುಳ ಬರಲು ಎರಡಕ್ಕೂ ಸಾಕು. ಕಿಟಕಿಯ ಬಳಿ ಗಾಜಿನ ಬಾಟಲಲ್ಲಿಟ್ಟಿರುವ ಬ್ಯಾಡಗಿ ಬೆಳಕಿಗೆ ಬಣ್ಣ ಕಳೆದುಕೊಂಡು ಪೇಲವವಾಗುತ್ತಿದೆ, ಫೋಟೊದಲ್ಲೇ ಗೊತ್ತಾಗುತ್ತದೆ. ಒಲೆಗೆ ಕೈಗೆಟುಕುವಂತೆ ಒಂದು ವಾರದ ಸಾಸಿವೆ, ಜೀರಿಗೆ, ಸಾರಿನ ಪುಡಿ ಸಣ್ಣ ಡಬ್ಬಿಯಲ್ಲಿರಲಿ. ದೊಡ್ಡ ಬಾಟಲುಗಳು ಬಾಗಿಲಿರುವ ಕಪಾಟಿನಲ್ಲಿ. ಧನಿಯಾ, ಮೆಣಸಿನಕಾಯಿ ಮುಂದಿನ ಸಲ ಕಾಲು ಕೆಜಿಗಿಂತ ಜಾಸ್ತಿ ತರಬೇಡಿ, ತಂದದ್ದನ್ನು ಮೊದಲು ಒಂದು ವಾರ ಫ್ರೀಜರಿಗೆ ಹಾಕಿ.

ಡಬ್ಬಿಗೆ ಹಳೇದು ಇರುವಾಗಲೇ ಹೊಸದು ಸುರಿಯುವ ಅಭ್ಯಾಸ ಬಿಡಿ. ತಳದಲ್ಲಿ ಯಾವಾಗಿನದೋ ಒಂದು ಹಿಡಿ ಉಳಿದೇ ಇರುತ್ತದೆ, ಅದರಿಂದ ಹೊಸದಕ್ಕೆ ಹರಡುತ್ತದೆ. ಹಳೇದನ್ನು ಬಟ್ಟಲಿಗೆ ತೆಗೆದು, ಡಬ್ಬಿ ತೊಳೆದು ಒಣಗಿಸಿ, ಹೊಸದು ತುಂಬಿ, ಹಳೇದನ್ನು ಮೊದಲು ಮುಗಿಸಿ. ಪ್ರತಿ ಡಬ್ಬಿಯ ಅಡಿಗೆ ಒಂದು ಚೂರು ಟೇಪಿನಲ್ಲಿ ತುಂಬಿದ ತಾರೀಖು ಬರೆಯಿರಿ. ಮುಂದೆ ಬರೆದರೆ ನೋಡಲು ಚೆನ್ನಾಗಿರಲ್ಲ ಅಂತ ಕಿತ್ತು ಹಾಕುತ್ತೀರಿ ಅಂತ ಗೊತ್ತು. ಜೋಡಿಸಿದ ಮೇಲೆ ಒಂದು ಫೋಟೊ ತೆಗೆದಿಡಿ. ತಿಂಗಳ ಸಾಮಾನು ತರುವ ಮುಂಚೆ ಮತ್ತೆ ಒಂದು ತೆಗೆದು, ಎರಡನ್ನೂ ಪಕ್ಕಪಕ್ಕ ನೋಡಿ. ಯಾವ ಡಬ್ಬಿ ಇಳಿದೇ ಇಲ್ಲವೋ ಅದನ್ನು ಈ ತಿಂಗಳು ತರಬೇಡಿ, ಮೊದಲು ಅದರ ಮುಚ್ಚಳ ತೆಗೆದು ಮೂಸಿ ನೋಡಿ.

ಇನ್ನು ಈಗ ಇರುವ ಅಕ್ಕಿ ತಿನ್ನಬಹುದಾ ಅಂದಿರಿ. ಒಂದು ಹಿಡಿಯನ್ನು ನೀರಿಗೆ ಹಾಕಿ. ಕೊರೆದ ಕಾಳುಗಳು ತೇಲುತ್ತವೆ. ಅಲ್ಲೊಂದು ಇಲ್ಲೊಂದು ತೇಲಿದರೆ, ವಾಸನೆ ಸರಿ ಇದ್ದರೆ, ಕೇರಿ ತೊಳೆದು ತಿನ್ನಬಹುದು, ಹುಳದಿಂದ ರೋಗ ಬರಲ್ಲ. ಉಳಿದದ್ದನ್ನು ಸಣ್ಣ ಸಣ್ಣ ಕಟ್ಟು ಮಾಡಿ ಸರದಿಯಲ್ಲಿ ಫ್ರೀಜರಿಗೆ ಹಾಕಿ, ಆಮೇಲೆ ಕ್ಯಾನ್. ತೇಲಿದ್ದೇ ಜಾಸ್ತಿ ಆಗಿ, ಕೈಗೆ ಹಿಟ್ಟು ಮೆತ್ತುತ್ತಿದ್ದರೆ ಅದು ಊಟಕ್ಕೆ ಬೇಡ, ಕೋಳಿ ಸಾಕಿದವರಿದ್ದರೆ ಕೊಟ್ಟುಬಿಡಿ. ಮುಗ್ಗಲು ವಾಸನೆ ಬಂದು, ಹಸಿರೋ ಕಪ್ಪೋ ಬೂಸ್ಟು ಕಂಡರೆ ಮಾತ್ರ ಕೋಳಿಗೂ ಹಾಕಬೇಡಿ. ಬೂಸ್ಟಿನ ವಿಷ ಬೇಯಿಸಿದರೂ ಹೋಗಲ್ಲ.

ಎಲ್ಲಾ ಮುಗಿದ ಮೇಲೂ ಎರಡು ಮೂರು ವಾರ ಒಂದೊಂದು ಚಿಟ್ಟೆ ಕಾಣಬಹುದು, ಅವು ಮೊದಲೇ ಗೂಡು ಕಟ್ಟಿದ್ದವು. ಒಂದೂವರೆ ತಿಂಗಳಾದರೂ ಬರುತ್ತಿದ್ದರೆ ಒಂದು ಮೂಲ ತಪ್ಪಿಹೋಗಿದೆ ಅಂತ ಅರ್ಥ. ಆಗ ಅಡುಗೆಮನೆಯ ಹೊರಗೆ ಹುಡುಕಿ: ಅಟ್ಟದ ಮೇಲಿನ ಹಳೇ ಚೀಲ, ಪಾರಿವಾಳಕ್ಕೆ ಹಾಕಲು ಇಟ್ಟ ಜೋಳ, ನಾಯಿಯ ತಿಂಡಿ, ದೇವರ ಮನೆಯಲ್ಲಿ ಕಳಶಕ್ಕೆ ಇಟ್ಟ ಅಕ್ಕಿ.